ಉಪಸಂಹಾರ ಬರೆಯಲು ಕೂತರೆ ಪೀಠಿಕೆಯೇ ಮತ್ತೆ ಬರುತ್ತಿದೆ (ಮಗಳ ‘ನಮ್ಮೂರ ಕೆರೆ’ ಪ್ರಬಂಧ)

ಮಾಲೂರು_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಮೊದಲ ಪಿಯುಸಿಯಲ್ಲಿದ್ದಾಳೆ. ಕಾಲೇಜಿನ ಪ್ರಬಂಧ ಸ್ಪರ್ಧೆಗೆ ‘ನಮ್ಮೂರ ಕೆರೆ’ ಎಂಬ ವಿಷಯ ಆರಿಸಿಕೊಂಡು, ಕೋಲಾರದ ಕಡೆಯ ನಮ್ಮ ಹಳ್ಳಿಯ ಕೆರೆಯ ಬಗ್ಗೆ ಬರೆದಿದ್ದಾಳೆ. ಕನ್ನಡ ಮೇಡಂ ಓದಿ, ನಡುವಿನ ಭಾಗ ಚೆನ್ನಾಗಿದೆ ಎಂದರಂತೆ. ಉಪಸಂಹಾರದ ಪಕ್ಕದಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ “ಇದನ್ನು ಪೀಠಿಕೆಯಲ್ಲೇ ಓದಿದೆ” ಎಂದು ಬರೆದುಕೊಟ್ಟಿದ್ದಾರೆ. ಸ್ಪರ್ಧೆಗೆ ಇನ್ನೂ ಹತ್ತು ದಿನ ಇದೆ. ಮೂರು ಸಲ ತಿದ್ದಿದಳು, ಮೂರು ಸಲವೂ ಅದೇ ಬರುತ್ತಿದೆ. ನನಗೆ ಹೇಳಿಕೊಡಲು ಗೊತ್ತಾಗುತ್ತಿಲ್ಲ.

ಪೀಠಿಕೆ ಹೀಗಿದೆ:

“ಕೆರೆಗಳು ಹಳ್ಳಿಗಳ ಜೀವನಾಡಿ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಕೆರೆಯೇ ನದಿ. ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿ, ಮಕ್ಕಳಂತೆ ರಕ್ಷಿಸಿದರು. ಇಂದು ನಾವು ಅವನ್ನು ಮರೆತಿದ್ದೇವೆ. ನಮ್ಮೂರ ಕೆರೆಯ ಕಥೆಯೂ ಇದೇ.”

ಉಪಸಂಹಾರ:

“ಹೀಗೆ ಕೆರೆಗಳು ನಮ್ಮ ಬದುಕಿನ ಆಧಾರವಾಗಿವೆ. ಹಿರಿಯರು ಅವನ್ನು ಕಾಪಾಡಿಕೊಂಡು ಬಂದರು. ನಾವು ನಿರ್ಲಕ್ಷಿಸಿದ್ದೇವೆ. ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ರಕ್ಷಿಸೋಣ, ಮುಂದಿನ ಪೀಳಿಗೆಗೆ ಉಳಿಸೋಣ.”

ಪದಗಳು ಬೇರೆ, ಮಾತು ಒಂದೇ ಎಂದು ನನಗೂ ಕಾಣುತ್ತದೆ. ಹಾಗಾದರೆ ಅಲ್ಲಿ ಬರೆಯಬೇಕಾದದ್ದು ಏನು?

ಗುರಿ_ಟ್ಯುಟೋರಿಯಲ್

ಸರ್, ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಇದು ಸುಲಭ. ‘ಹೀಗೆ’ ಎಂದು ಶುರು ಮಾಡುವುದು ತಪ್ಪಲ್ಲ, ಮೌಲ್ಯಮಾಪಕರಿಗೆ ಉಪಸಂಹಾರ ಎಲ್ಲಿದೆ ಎಂದು ಕಣ್ಣಿಗೆ ಬೀಳಬೇಕು. ಆಮೇಲೆ ಒಂದು ಗಾದೆ ಅಥವಾ ದಾಸರ ಪದದ ಒಂದು ಸಾಲು ಹಾಕಿ. ಕೊನೆಗೆ ಒಂದು ಕರೆ: ಉಳಿಸೋಣ, ಬೆಳೆಸೋಣ. ಗಾದೆ ಪೀಠಿಕೆಯಲ್ಲಿ ಇರುವುದಿಲ್ಲವಲ್ಲ, ಆದ್ದರಿಂದ ಪುನರಾವರ್ತನೆ ಎನಿಸುವುದಿಲ್ಲ. ನಮ್ಮ ಮಕ್ಕಳಿಗೆ ಇದೇ ರೀತಿ ಕಲಿಸಿ ಒಳ್ಳೆಯ ಅಂಕ ಬಂದಿದೆ.

ಹಳೇ_ಉಪನ್ಯಾಸಕ

ಮಾಲೂರಿನವರೇ, ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಉತ್ತರಪತ್ರಿಕೆಗಳ ಕಟ್ಟುಗಳನ್ನು ತುಂಬಾ ವರ್ಷ ನೋಡಿದ್ದೇನೆ. ಮೇಲಿನವರು ಹೇಳಿದ್ದರಲ್ಲಿ ಒಂದು ಮಾತು ಸರಿ: ಉಪಸಂಹಾರವೇ ಇಲ್ಲದ ಪ್ರಬಂಧಕ್ಕೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಆದರೆ ಗಾದೆ ಹಾಕಿದರೆ ಹೊಸದು ಬಂದಂತಾಗುವುದಿಲ್ಲ. ಆ ಗಾದೆ ಕೆರೆಯ ಮೇಲೆ ಬರೆದ ಯಾವ ಪ್ರಬಂಧದ ಕೊನೆಗಾದರೂ ಕೂರುತ್ತದೆ. ನಿಮ್ಮ ಮಗಳ ಪ್ರಬಂಧದಿಂದ ಹುಟ್ಟಿದ್ದಲ್ಲ ಅದು.

ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಪರೀಕ್ಷೆ ಒಂದಿದೆ. ನಡುವಿನ ಪುಟಗಳನ್ನು ಕೈಯಿಂದ ಮುಚ್ಚಿ, ಪೀಠಿಕೆಯನ್ನೂ ಉಪಸಂಹಾರವನ್ನೂ ಮಾತ್ರ ಓದಿ. ನಡುವಿನದನ್ನು ಓದದವನೂ ಆ ಉಪಸಂಹಾರ ಬರೆಯಬಹುದಿತ್ತು ಎನಿಸಿದರೆ ಅದು ಪೀಠಿಕೆಯ ನಕಲು. ನಿಮ್ಮ ಮಗಳದ್ದು ಹಾಗಿದೆ. ಪೀಠಿಕೆ ಬರೆಯುವಾಗ ಅವಳಿಗೆ ಏನು ಗೊತ್ತಿತ್ತೋ ಅಷ್ಟೇ ಕೊನೆಯಲ್ಲೂ ಇದೆ. ನಡುವೆ ನಾಲ್ಕು ಪುಟ ಬರೆದದ್ದು ಅವಳಿಗೆ ಏನನ್ನೂ ಕಲಿಸಿಲ್ಲವೇನೋ ಎಂಬಂತೆ. ಆದರೆ ಕಲಿಸಿರುತ್ತದೆ, ಅದಂತೂ ಖಂಡಿತ. ನಡುವಿನ ಪ್ಯಾರಾಗಳಲ್ಲಿ ಏನಿದೆ ಎಂದು ಹಾಕಿ. ಪೂರ್ತಿ ಬೇಡ, ಒಂದೊಂದರ ಸಾರ ಸಾಕು. ಅದನ್ನು ನೋಡದೆ ಕೊನೆಯ ಪ್ಯಾರಾ ಬಗ್ಗೆ ಏನು ಹೇಳಿದರೂ ಗಾಳಿಯಲ್ಲಿ ಗುದ್ದಿದಂತೆ.

ಎಲೆಮಲ್ಲಪ್ಪ_ನಿವಾಸಿ

ಕೆರೆ ವಿಷಯ ಎತ್ತಿದ್ದಕ್ಕೆ ಧನ್ಯವಾದ. ಬೆಂಗಳೂರಿನಲ್ಲಿ ನಮ್ಮ ಬಡಾವಣೆ ಹತ್ತಿರದ ಕೆರೆಗೆ ಬೇಲಿ ಹಾಕಿಸಲು ನಾವು ನಾಲ್ಕು ವರ್ಷದಿಂದ ಅರ್ಜಿ ಕೊಡುತ್ತಾ ಬಂದಿದ್ದೇವೆ. ಒತ್ತುವರಿ ತೆರವು ಮಾಡಿಸಲು ಮೊದಲು ಸರ್ವೆ ನಕ್ಷೆ ಬೇಕು. ನಿಮ್ಮ ಊರಿನ ಕೆರೆಯ ನಕ್ಷೆ ತೆಗೆಸಿದ್ದೀರಾ? ರಾಜಕಾಲುವೆ ಎಲ್ಲೆಲ್ಲಿ ಮುಚ್ಚಿದ್ದಾರೆ ಎಂದು ಮೊದಲು ಗುರುತಿಸಿ.

ಮಾಲೂರು_ಅಪ್ಪ

@ಎಲೆಮಲ್ಲಪ್ಪ_ನಿವಾಸಿ ಸರ್, ಕೇಳಿದ್ದು ಮಗಳ ಪ್ರಬಂಧದ ಬಗ್ಗೆ. ಆದರೂ ನಕ್ಷೆಯ ವಿಚಾರ ಪಂಚಾಯ್ತಿಯಲ್ಲಿ ಕೇಳುತ್ತೇನೆ.

@ಹಳೇ_ಉಪನ್ಯಾಸಕ ಮೇಷ್ಟ್ರೇ, ಸಾರ ಹೀಗಿದೆ:

ಮೊದಲ ಪ್ಯಾರಾದಲ್ಲಿ ಕೆರೆಯ ಏರಿ, ತೂಬು, ಕೋಡಿ, ಕೆಳಗಿನ ಅಚ್ಚುಕಟ್ಟು ಇವುಗಳ ವರ್ಣನೆ. ಎರಡನೆಯದು ನಮ್ಮ ಅಪ್ಪ, ಅಂದರೆ ಅವಳ ತಾತ ಹೇಳಿದ್ದು. ಊರಿಗೊಬ್ಬ ನೀರಗಂಟಿ ಇದ್ದ, ತೂಬು ತೆಗೆದು ಗದ್ದೆ ಗದ್ದೆಗೆ ಸರದಿಯಲ್ಲಿ ನೀರು ಬಿಡುತ್ತಿದ್ದ, ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವನಿಗೆ ಕಾಳು ಅಳೆಯುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಪ್ರತಿ ಮನೆಯಿಂದ ಗಾಡಿ ಕಟ್ಟಿಕೊಂಡು ಹೋಗಿ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ತುಂಬಿ ತಂದು ಹೊಲಕ್ಕೆ ಹೊಡೆಯುತ್ತಿದ್ದರು, ಗೊಬ್ಬರಕ್ಕಿಂತ ಅದೇ ವಾಸಿ ಎಂದು. ಮೂರನೆಯದು ಕೊಳವೆಬಾವಿ. ನಮ್ಮ ಮನೆಯ ಮೊದಲ ಬೋರ್‌ವೆಲ್ 1986ರಲ್ಲಿ, 180 ಅಡಿಗೆ ನೀರು. ಈಗಿನದು 1,200 ಅಡಿ. ನಾಲ್ಕನೆಯದು ಈಗಿನ ಸ್ಥಿತಿ: ಹೂಳು, ಸೀಮೆಜಾಲಿ, ಅಂಚಿನಲ್ಲಿ ಒತ್ತುವರಿ. ಕೆಲವು ವರ್ಷದ ಹಿಂದೆ ಯಂತ್ರ ತಂದು ಹೂಳೆತ್ತಿದರು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜಾಲಿ ಮತ್ತೆ ಬಂತು.

ಹಳೇ_ಉಪನ್ಯಾಸಕ

ಇದನ್ನು ಓದಿ ಖುಷಿಯಾಯಿತು. ಇಷ್ಟು ಸಾಮಗ್ರಿ ಇಟ್ಟುಕೊಂಡು ‘ರಕ್ಷಿಸೋಣ’ ಎಂದು ಮುಗಿಸಿದ್ದಾಳೆ, ಅದಕ್ಕೇ ಮೇಡಂಗೆ ಬೇಸರವಾಗಿರಬೇಕು.

ಈಗ ಎರಡನೆಯ ಮತ್ತು ನಾಲ್ಕನೆಯ ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಕೆರೆಯಿಂದ ಹೂಳು ಹೊರಗೆ ಹೋಗುತ್ತದೆ. ತಾತನ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ, ಈಚೆಗೆ ಯಂತ್ರದಲ್ಲಿ. ಗಾಡಿ ಕಟ್ಟುತ್ತಿದ್ದಾಗ ಕೆರೆ ಉಳಿದಿತ್ತು, ಯಂತ್ರ ಬಂದು ಹೋದ ಮೇಲೆ ಉಳಿಯಲಿಲ್ಲ. ಯಾಕೆ? ಮಗಳಿಗೆ ಇದೊಂದೇ ಪ್ರಶ್ನೆ ಕೇಳಿ. ಉತ್ತರ ನೀವು ಹೇಳಬೇಡಿ. ತಾತನನ್ನು ಕೇಳಲಿ ಬೇಕಾದರೆ: “ನೀವು ಗೋಡು ಹೊಡೆದದ್ದು ಕೆರೆಗಾಗಿಯೋ, ಹೊಲಕ್ಕಾಗಿಯೋ?”

ಕೊನೆಯ ಪ್ಯಾರಾಕ್ಕೆ ನಾನು ಯಾವಾಗಲೂ ಹೀಗೇ ಹೋಗುತ್ತೇನೆ. ನಡುವೆ ಬರೆದದ್ದರಲ್ಲಿ ಒಂದಕ್ಕೊಂದು ತಾಗುವ ಎರಡು ಸಂಗತಿ ಹುಡುಕು. ಅವು ಸುಲಭವಾಗಿ ಹೊಂದಿಕೊಂಡರೆ ಬೇರೆ ಜೋಡಿ ನೋಡು. ಎಲ್ಲಿ ಸ್ವಲ್ಪ ತಿಕ್ಕಾಟ ಕಾಣುತ್ತದೋ ಅಲ್ಲಿ ನಿನಗೆ ಗೊತ್ತಿಲ್ಲದೇ ಏನೋ ಕಂಡುಕೊಂಡಿದ್ದೀ ಎಂದು ಅರ್ಥ. ಅದನ್ನು ಬಾಯಿಬಿಟ್ಟು ಹೇಳುವ ಜಾಗವೇ ಉಪಸಂಹಾರ.

ಎಡಿಸನ್_ಅಮ್ಮ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ನನ್ನ ಮಗನಿಗೆ (ಎಂಟನೇ ಕ್ಲಾಸು) ಶಾಲೆಯಲ್ಲಿ ಕಲಿಸುವುದು ಇದಕ್ಕೆ ವಿರುದ್ಧ! ಐದು ಪ್ಯಾರಾದ ಪ್ರಬಂಧ. ಕೊನೆಯ ಪ್ಯಾರಾದಲ್ಲಿ ಮೊದಲ ಪ್ಯಾರಾದ ವಾದವನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಬೇಕು ಎಂದು ಹಾಳೆಯಲ್ಲೇ ಅಚ್ಚಾಗಿದೆ. ಹಾಗಾಗಿ ಇವನು ನಿಘಂಟು ಇಟ್ಟುಕೊಂಡು ಒಂದೊಂದು ಪದಕ್ಕೂ ಬದಲಿ ಪದ ಹುಡುಕುತ್ತಾ ಕೂರುತ್ತಾನೆ. ಕಳೆದ ವಾರದ ವಿಷಯ ‘ಶಾಲೆ ಬೆಳಗ್ಗೆ ಒಂದು ಗಂಟೆ ತಡವಾಗಿ ಶುರುವಾಗಬೇಕು’. ಕೊನೆಯಲ್ಲಿ ಬರೆದಿದ್ದ: ಮಕ್ಕಳಿಗೆ ನಿದ್ದೆ ಮುಖ್ಯವಾದ್ದರಿಂದ ಶಾಲೆಯ ಸಮಯ ಮುಂದಕ್ಕೆ ಹೋಗಬೇಕು. ಅಷ್ಟೇ. ಟೀಚರ್ ಹೇಳಿದ್ದನ್ನೇ ಮಾಡಿದ್ದಾನೆ, ಆದರೂ ಓದಿದರೆ ಸಪ್ಪೆ. ಹಾಗಾದರೆ ಶಾಲೆಯದ್ದು ತಪ್ಪೇ?

ಹಳೇ_ಉಪನ್ಯಾಸಕ

ತಪ್ಪು ಅನ್ನಲಾರೆ ತಾಯಿ. ಚಿಕ್ಕ ಮಕ್ಕಳು ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಾರೆ. ಕೊನೆಗೆ ಮೊದಲಿನ ಮಾತಿಗೆ ಮರಳಿ ಬಾ ಎಂದರೆ ದಾರಿ ತಪ್ಪುವುದಿಲ್ಲ, ಅದಕ್ಕೆ ಆ ಕಟ್ಟು. ತುಂಬಾ ಉದ್ದದ ಬರಹವಾದರೆ ದೊಡ್ಡವರಿಗೂ ಅದು ಬೇಕು. ಮೂವತ್ತು ಪುಟ ಓದಿದವನಿಗೆ ಮೊದಲ ಪುಟದ ಮಾತು ಮಸುಕಾಗಿರುತ್ತದೆ, ನೆನಪಿಸುವುದು ಮರ್ಯಾದೆ. ಎರಡು ಪುಟದ ಪ್ರಬಂಧದಲ್ಲಿ ಓದುಗ ಮರೆಯಲು ಸಮಯವೇ ಸಿಕ್ಕಿರುವುದಿಲ್ಲ.

ಮತ್ತೆ ಹೇಳಲೇಬೇಕು ಎಂದಿದ್ದರೆ ಹೇಳಲಿ, ಆದರೆ ನಡುವೆ ತೋರಿಸಿದ್ದನ್ನು ಆ ವಾಕ್ಯ ಹೊತ್ತುಕೊಂಡು ಬರಲಿ. ಬದಲಿ ಪದ ಹಾಕಿದರೆ ಅಂಗಿ ಬದಲಾಯಿತು, ಆಳು ಅವನೇ. ನಿಮ್ಮ ಮಗ ನಡುವೆ ಏನೇನು ಬರೆದಿದ್ದಾನೆ?

ಎಡಿಸನ್_ಅಮ್ಮ

ಒಂದು ಪ್ಯಾರಾ ನಿದ್ದೆ. ಒಂದು ಪ್ಯಾರಾ ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಎಷ್ಟು ಜನ ತೂಕಡಿಸುತ್ತಾರೆ ಅಂತ. ಮೂರನೆಯದರಲ್ಲಿ ಎದುರು ಪಕ್ಷದ ವಾದ ಹೇಳಬೇಕಿತ್ತು, ಅದಕ್ಕೆ ಬಸ್ಸಿನ ವಿಷಯ ಬರೆದಿದ್ದಾನೆ: ಅದೇ ಬಸ್ಸುಗಳು ಮೊದಲು ಹೈಸ್ಕೂಲು ಮಕ್ಕಳನ್ನು ಇಳಿಸಿ, ಆಮೇಲೆ ಇವರನ್ನು, ಆಮೇಲೆ ಪುಟ್ಟ ಮಕ್ಕಳನ್ನು ಕರೆತರುತ್ತವೆ, ಒಂದನ್ನು ಸರಿಸಿದರೆ ಎಲ್ಲವೂ ಸರಿಯುತ್ತದೆ ಎಂದು.

ಹಳೇ_ಉಪನ್ಯಾಸಕ

ಅಲ್ಲೇ ಸಿಕ್ಕಿತಲ್ಲ. ಮಕ್ಕಳಿಗೆ ನಿದ್ದೆ ಬೇಡ ಎಂದು ಅವನ ಪ್ರಬಂಧದಲ್ಲಿ ಯಾರೂ ಹೇಳುತ್ತಿಲ್ಲ. ಸಮಯವನ್ನು ಹಿಡಿದಿಟ್ಟಿರುವುದು ಬಸ್ಸು. ಜಗಳ ನಿದ್ದೆಯ ಮೇಲಲ್ಲ, ಬಸ್ಸಿನ ಮೇಲೆ ಎಂದು ಅವನು ಕೊನೆಯಲ್ಲಿ ಹೇಳಬಹುದು. ಶಾಲೆ ತಡವಾಗಿ ಶುರುವಾಗಲಿ ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಹೇಳಿದ ಹಾಗಾಗುತ್ತದೆ, ಟೀಚರ್ ಕೇಳಿದ್ದೂ ಆಗುತ್ತದೆ.

ಗುರಿ_ಟ್ಯುಟೋರಿಯಲ್

ಮೇಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಸ್ಪರ್ಧೆಗೆ ಇದು ಸರಿ, ಹತ್ತು ದಿನ ಇದೆ. ಪರೀಕ್ಷಾ ಕೊಠಡಿಯಲ್ಲಿ ಪ್ರಬಂಧ ಬರೆಯುವ ಹೊತ್ತಿಗೆ ಹುಡುಗರಿಗೆ ಕೈ ನೋಯುತ್ತಿರುತ್ತದೆ, ಗಂಟೆ ಹೊಡೆಯಲು ಹದಿನೈದು ನಿಮಿಷ ಇರುತ್ತದೆ. ಆಗ ತಿಕ್ಕಾಟ ಹುಡುಕಿಕೊಂಡು ಕೂರಲು ಆಗುತ್ತದೆಯೇ? ಅಲ್ಲಿ ಗಾದೆಯೇ ಕೈಹಿಡಿಯುವುದು.

ಹಳೇ_ಉಪನ್ಯಾಸಕ

ನಿಮ್ಮ ಕಷ್ಟ ಗೊತ್ತು. ಪರೀಕ್ಷೆಯಲ್ಲಿ ನಾನು ಹೇಳುತ್ತಿದ್ದದ್ದು ಇನ್ನೂ ಸರಳ: ಪೀಠಿಕೆಯಲ್ಲಿ ಎಲ್ಲವನ್ನೂ ಖರ್ಚು ಮಾಡಬೇಡ. ಬಹಳಷ್ಟು ಮಕ್ಕಳು ತಮಗೆ ಗೊತ್ತಿರುವ ತೀರ್ಮಾನವನ್ನು ಮೊದಲ ಎರಡು ಸಾಲಿನಲ್ಲೇ ಹೇಳಿಬಿಡುತ್ತಾರೆ. ಕೊನೆಗೆ ಬಂದಾಗ ಕೈ ಖಾಲಿ, ಅದನ್ನೇ ಮತ್ತೆ ಹೇಳುತ್ತಾರೆ. ಪೀಠಿಕೆಯಲ್ಲಿ ವಿಷಯ ಯಾವುದು, ಎಲ್ಲಿಂದ ನೋಡುತ್ತೇನೆ ಎಂದಷ್ಟು ಹೇಳಿ, ತೀರ್ಮಾನವನ್ನು ಕೊನೆಗೆ ಉಳಿಸಿಕೊಂಡರೆ ಹದಿನೈದು ನಿಮಿಷದಲ್ಲೂ ಪುನರಾವರ್ತನೆ ಅರ್ಧ ಕಡಿಮೆಯಾಗುತ್ತದೆ. ಅದೂ ಆಗದಿದ್ದರೆ ನಿಮ್ಮ ಗಾದೆ ಇರಲಿ, ನಾನು ಅಂಕ ಕಳೆದವನಲ್ಲ. ಪೂರ್ಣ ಅಂಕ ಕೊಟ್ಟದ್ದು ಕಡಿಮೆ.

ಮುಳಬಾಗಿಲು_ರೈತ

ನಾನು ಓದಿದ್ದು ಏಳನೇ ಕ್ಲಾಸು. ಪ್ರಬಂಧದ ಬಗ್ಗೆ ಹೇಳೋಕೆ ಬರಲ್ಲ. ಆದ್ರೆ ಮೇಷ್ಟ್ರು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ. ಗೋಡು ಹೊಡೆದದ್ದು ಹೊಲಕ್ಕೇ. ಕೆರೆ ಉದ್ಧಾರ ಮಾಡ್ಬೇಕು ಅಂತ ಯಾರೂ ಗಾಡಿ ಕಟ್ಟಿಲ್ಲ. ನಮ್ಮಪ್ಪ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಹೋಗ್ತಿದ್ರು, ತಡ ಆದ್ರೆ ಒಳ್ಳೇ ಕರೀ ಗೋಡು ಬೇರೆಯವರ ಪಾಲಾಗುತ್ತೆ ಅಂತ. ನೀರಗಂಟಿಗೆ ಕಾಳು ಅಳೀತಿದ್ದದ್ದೂ ಅಷ್ಟೇ, ಅವನು ಮುನಿಸಿಕೊಂಡ್ರೆ ನಮ್ಮ ಗದ್ದೆಗೆ ನೀರು ತಡವಾಗಿ ಬರೋದು. ಬೋರು ಬಂದ್ಮೇಲೆ ಸ್ವಿಚ್ ಹಾಕಿದ್ರೆ ನೀರು. ತೂಬು ಯಾಕೆ, ನೀರಗಂಟಿ ಯಾಕೆ.

ಇನ್ನೊಂದು ಮಾತು. ಕೆರೆ ತುಂಬಿದ ವರ್ಷ ಅಕ್ಕಪಕ್ಕದ ಬೋರಲ್ಲಿ ನೀರು ಮೇಲಕ್ಕೆ ಬರುತ್ತೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಜಿಲ್ಲೆಗೆ ಬಂತಲ್ಲ, ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿದ್ದು, ಅದು ತುಂಬಿದ ಕೆರೆಗಳ ಕೆಳಗಡೆಯವರು ಇದನ್ನ ಕಣ್ಣಾರೆ ಕಂಡವ್ರೆ. ಅಂದ್ರೆ ಬೋರಿಗೂ ಕೆರೆ ಬೇಕು. ಕಣ್ಣಿಗೆ ಕಾಣಲ್ಲ ಅಷ್ಟೇ.

ಮಾಲೂರು_ಅಪ್ಪ

ಮುಳಬಾಗಿಲಿನ ಅಣ್ಣ, ನಮ್ಮ ಅಪ್ಪನೂ ಇದನ್ನೇ ಹೇಳಿದರು! ಮಗಳು ಕೇಳಿದ್ದಕ್ಕೆ “ಕೆರೆಗೆ ಅಂತ ಯಾರು ಹೋಗ್ತಾರೆ, ಹೊಲಕ್ಕೆ ಕಣೇ” ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರು ರಕ್ಷಿಸಿದರು ಎಂದು ನಾನು ಬರೆದದ್ದೇ ಸುಳ್ಳಲ್ವಾ ಅಪ್ಪ” ಎಂದಳು.

ನಿನ್ನೆ ರಾತ್ರಿ ಹೊಸದಾಗಿ ಬರೆದಳು:

“ತಾತನ ಕಾಲದವರು ಕೆರೆಯನ್ನು ರಕ್ಷಿಸಲಿಲ್ಲ, ಬಳಸಿದರು. ಕೊಳವೆಬಾವಿ ಬಂದ ಮೇಲೆ ಆ ಬಳಕೆ ನಿಂತಿತು. ಕೊಳವೆಬಾವಿಯೇ ಕೆರೆಗಳ ಶತ್ರು. ಆದ್ದರಿಂದ ಸರ್ಕಾರವು ರಾಜ್ಯದಾದ್ಯಂತ ಕೊಳವೆಬಾವಿಗಳನ್ನು ನಿಷೇಧಿಸಬೇಕು. ಕೆ.ಸಿ. ವ್ಯಾಲಿ ಯೋಜನೆಯಂತೆ ಎಲ್ಲ ಕೆರೆಗಳಿಗೂ ನೀರು ತುಂಬಿಸಬೇಕು. ಆಗ ಮಾತ್ರ ನಾಡು ಹಸಿರಾಗುತ್ತದೆ.”

ಪೀಠಿಕೆ ಮರುಕಳಿಸಿಲ್ಲ. ನನಗೆ ಖುಷಿಯಾಯಿತು. ಆದರೆ ಏನೋ ಸರಿಯಿಲ್ಲ ಎನಿಸುತ್ತಿದೆ.

ಹಳೇ_ಉಪನ್ಯಾಸಕ

ಮೊದಲ ವಾಕ್ಯ ಬಂಗಾರ. “ರಕ್ಷಿಸಲಿಲ್ಲ, ಬಳಸಿದರು.” ಇದು ಪೀಠಿಕೆಯ ಮಾತನ್ನು ಮುಟ್ಟಿ, ಅದನ್ನೇ ತಿದ್ದುತ್ತದೆ. ನಡುವಿನ ಪುಟ ಮುಚ್ಚಿದವನು ಈ ವಾಕ್ಯ ಬರೆಯಲಾರ. ಎರಡನೆಯ ವಾಕ್ಯವೂ ಸರಿ.

ಮೂರನೆಯದರಿಂದ ಕಾಲು ನೆಲ ಬಿಟ್ಟಿದೆ. ಅವಳು ತೋರಿಸಿದ್ದು ಒಂದು ಊರಿನ ಒಂದು ಕೆರೆ, ಒಂದು ಮನೆಯ ಎರಡು ಬೋರ್‌ವೆಲ್. ಅದರ ಮೇಲೆ ಇಡೀ ರಾಜ್ಯಕ್ಕೆ ನಿಷೇಧ ಹೇರಿದರೆ ಓದುವವನು “ಇದನ್ನು ಎಲ್ಲಿ ತೋರಿಸಿದೆ?” ಎನ್ನುತ್ತಾನೆ. ಪುನರಾವರ್ತನೆಯಿಂದ ತಪ್ಪಿಸಿಕೊಂಡ ಮಕ್ಕಳು ಸಾಮಾನ್ಯವಾಗಿ ಬೀಳುವ ಹಳ್ಳ ಇದು. ಹೊಸತು ಹೇಳಬೇಕು ಎಂದಾಗ ದೊಡ್ಡದು ಹೇಳುತ್ತಾರೆ. ಕೊನೆಯ ಪ್ಯಾರಾದಲ್ಲಿ ‘ಸರ್ಕಾರ’, ‘ನಾಡು’, ‘ಜಗತ್ತು’ ಎಂಬ ಪದ ಮೊದಲ ಬಾರಿ ಬಂದರೆ ಅಲ್ಲಿ ನಿಂತು ನೋಡಬೇಕು. ಅಷ್ಟು ದೂರ ಹೋಗಲು ನಡುವಿನ ಪ್ಯಾರಾಗಳು ಟಿಕೆಟು ಕೊಟ್ಟಿವೆಯೇ?

ಎರಡನೆಯದು ಕೆ.ಸಿ. ವ್ಯಾಲಿ. ಸಂಗತಿ ನಿಜ, ಒಳ್ಳೆಯ ಸಂಗತಿ. ಆದರೆ ಪ್ರಬಂಧದಲ್ಲಿ ಅದು ಎಲ್ಲೂ ಬಂದಿಲ್ಲ. ಉಪಸಂಹಾರದಲ್ಲಿ ಹೊಸ ಮಾಹಿತಿ ತಂದರೆ ಅದಕ್ಕೆ ವಿವರಣೆ ಬೇಕು, ಎದುರು ಮಾತೂ ಇದೆ: ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕು ಎಂದು ಕೇಳುತ್ತಿರುವವರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ. ಒಂದು ಸಾಲಿನಲ್ಲಿ ಅದನ್ನೆಲ್ಲ ಹೇಳಲಾಗದು. ಕೊನೆಯಲ್ಲಿ ಹೊಸದಾಗಿರಬೇಕಾದದ್ದು ನೋಟ, ಸರಕು ಹಳೆಯದೇ ಇರಲಿ. ಮುಳಬಾಗಿಲಿನವರು ಹೇಳಿದ ‘ಬೋರಿಗೂ ಕೆರೆ ಬೇಕು’ ಎಂಬುದು ಅವಳಿಗೆ ಇಷ್ಟವಾಗಿದ್ದರೆ ಮೂರನೆಯ ಪ್ಯಾರಾದಲ್ಲಿ ತರಲಿ. ತಾತನ ಬಾವಿಯಲ್ಲಿ ಹಾಗೆ ಆದದ್ದುಂಟೇ ಎಂದು ಕೇಳಿ ಬರೆಯಲಿ. ಆಗ ಕೊನೆಯಲ್ಲಿ ಅದು ಹಳೆಯ ಸರಕಾಗುತ್ತದೆ, ಬಳಸಬಹುದು.

ತುಂಗೆಯ_ತೆರೆ

ಎಲ್ಲರೂ ‘ಉಪಸಂಹಾರ’ದ ಹಿಂದೆ ಬಿದ್ದಿದ್ದೀರಿ. ನಾನು ಲಲಿತ ಪ್ರಬಂಧ ಓದಿ ಬೆಳೆದವಳು. ಅಲ್ಲಿ ಇಂಥ ಕೊನೆಯ ಪ್ಯಾರಾ ಇರುವುದೇ ಇಲ್ಲ. ಒಂದು ಚಿತ್ರದಲ್ಲಿ ನಿಲ್ಲುತ್ತದೆ, ಓದುವವರ ಮನಸ್ಸಿನಲ್ಲಿ ಉಳಿದದ್ದು ಬೆಳೆಯುತ್ತದೆ. ಈ ಹುಡುಗಿ ತಾತ ಗಾಡಿ ಕಟ್ಟಿಕೊಂಡು ಬೆಳಗಿನ ಜಾವ ಹೋಗುವುದನ್ನು ಕೊನೆಗೆ ಇಟ್ಟು ಸುಮ್ಮನಾದರೆ ಸಾಕು. “ಬಳಸಿದರು” ಎಂದು ಬಿಡಿಸಿ ಹೇಳುವುದೂ ಹೆಚ್ಚಾಯಿತು ನನಗೆ.

ಗುರಿ_ಟ್ಯುಟೋರಿಯಲ್

ಮೇಡಂ, ತೀರ್ಪುಗಾರರು ಹಾಗೆ ಓದುತ್ತಾರೆ ಎಂದು ನಂಬಿಕೊಂಡು ಮಕ್ಕಳನ್ನು ಕಳಿಸಲು ನನಗೆ ಧೈರ್ಯವಿಲ್ಲ. “ಉಪಸಂಹಾರವಿಲ್ಲ” ಎಂದು ಬರೆದು ಪಕ್ಕಕ್ಕಿಟ್ಟರೆ?

ಹಳೇ_ಉಪನ್ಯಾಸಕ

ತುಂಗೆಯವರೇ, ಲಲಿತ ಪ್ರಬಂಧಕ್ಕೆ ನಿಮ್ಮ ಮಾತು ಒಪ್ಪುತ್ತದೆ. ಇವಳು ಬರೆದಿರುವುದು ಕಾರಣ ಹುಡುಕುವ ಪ್ರಬಂಧ, ಕೆರೆ ಯಾಕೆ ಹೋಯಿತು ಎಂದು. ಅಲ್ಲಿ ಚಿತ್ರ ಮಾತ್ರ ಇಟ್ಟರೆ ಅವಳು ಕಂಡುಕೊಂಡದ್ದು ಓದುಗನಿಗೆ ಸಿಗದೆಯೂ ಹೋಗಬಹುದು. ಗಾಡಿಯ ಚಿತ್ರ ನೋಡಿ “ಆಹಾ, ಎಂಥ ಕಾಳಜಿ ಹಿರಿಯರದು” ಎಂದು ಒಬ್ಬ ಅಂದುಕೊಂಡರೆ ಅವಳ ಮಾತು ಪೂರ್ತಿ ತಲೆಕೆಳಗಾಯಿತು. ಚಿತ್ರವೂ ಇರಲಿ, ಅದರ ಪಕ್ಕ ಒಂದು ಬಿಡಿ ಮಾತೂ ಇರಲಿ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಮುಗಿಸುವವರೂ ಇದ್ದಾರೆ, ಅದನ್ನು ತಪ್ಪು ಎನ್ನುವುದಿಲ್ಲ.

ತುಂಗೆಯ_ತೆರೆ

ಓದುಗನನ್ನು ಅಷ್ಟು ನಂಬದಿದ್ದರೆ ಬರೆಯುವುದು ಯಾಕೆ ಎನಿಸುತ್ತದೆ ನನಗೆ. ಇರಲಿ, ಇದರಲ್ಲಿ ನಾವಿಬ್ಬರೂ ಬೇರೆ ಬೇರೆ.

ಮಾಲೂರು_ಅಪ್ಪ

ಇಲ್ಲಿ ಬಂದದ್ದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ತಾತನನ್ನು ಮತ್ತೆ ಕೇಳಿದಳು. ಒಂದು ವರ್ಷ ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಹರಿದಾಗ, ಎರಡು ವರ್ಷದಿಂದ ನಿಂತಿದ್ದ ನಮ್ಮ ಹಳೇ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಿತ್ತಂತೆ. ನನಗೇ ಮರೆತುಹೋಗಿತ್ತು. ಅದನ್ನು ಮೂರನೆಯ ಪ್ಯಾರಾಕ್ಕೆ ಸೇರಿಸಿದಳು. ಆಮೇಲೆ ಯಾರೂ ಹೇಳದಿದ್ದರೂ ಪೀಠಿಕೆಯನ್ನೂ ಮುಟ್ಟಿದಳು. ‘ಜೀವನಾಡಿ’ ತೆಗೆದಳು. “ನಾವು ಮರೆತಿದ್ದೇವೆ, ಕಥೆಯೂ ಇದೇ” ಎಂಬ ಸಾಲುಗಳನ್ನೂ ತೆಗೆದಳು. ಈಗ ಪೀಠಿಕೆ ಹೀಗೆ ಮುಗಿಯುತ್ತದೆ: “ಹಿರಿಯರು ಕೆರೆಯನ್ನು ರಕ್ಷಿಸಿದರು, ನಾವು ಬಿಟ್ಟೆವು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ.”

ಉಪಸಂಹಾರ:

“ತಾತ ಬೆಳಗಿನ ಜಾವ ಗಾಡಿ ಕಟ್ಟಿದ್ದು ಕೆರೆಯನ್ನು ಉಳಿಸಲು ಅಲ್ಲ, ಹೊಲಕ್ಕೆ ಗೋಡು ಬೇಕಿತ್ತು. ಕೆರೆ ಉಳಿದದ್ದು ಆ ಬೇಕಿನಿಂದ. ಯಂತ್ರದಿಂದ ಹೂಳೆತ್ತಿದಾಗ ಆ ಮಣ್ಣು ಯಾರಿಗೂ ಬೇಕಿರಲಿಲ್ಲ, ಏರಿಯ ಪಕ್ಕದಲ್ಲೇ ಗುಡ್ಡೆಯಾಗಿ ಬಿತ್ತು, ಮಳೆಗೆ ಮತ್ತೆ ಕೆರೆಗೇ ಇಳಿಯಿತು. ನಮ್ಮ ಮನೆಗೆ ಕೆರೆ ಈಗಲೂ ಬೇಕು. ಕೋಡಿ ಹರಿದ ವರ್ಷ ನಮ್ಮ ಬಾವಿಯಲ್ಲಿ ಬಂದ ನೀರು ಅಲ್ಲಿಂದಲೇ ಬಂದದ್ದು. ಆದರೆ ತೂಬಿನ ನೀರು ಗದ್ದೆಗೆ ಬರುವುದು ತಾತನ ಕಣ್ಣಿಗೆ ಕಾಣುತ್ತಿತ್ತು, ಈ ನೀರು ಬರುವ ದಾರಿ ನಮಗೆ ಕಾಣುವುದಿಲ್ಲ. ಕಾಣದ ದಾರಿಗೆ ಕಾಳು ಅಳೆಯುವವರು ಯಾರು?”

ಗುಡ್ಡೆಯಾಗಿ ಬಿದ್ದದ್ದು ನಾಲ್ಕನೆಯ ಪ್ಯಾರಾದಲ್ಲಿ ಮೊದಲೇ ಇತ್ತು, ಸಾರ ಬರೆಯುವಾಗ ನಾನು ಬಿಟ್ಟಿದ್ದೆ.

ಎಡಿಸನ್_ಅಮ್ಮ

ಓದಿ ಕಣ್ಣು ತುಂಬಿತು. ಮಗನಿಗೂ ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಅವನು ಬಸ್ಸಿನ ಪ್ಯಾರಾ ಮತ್ತೆ ತೆಗೆದು ಕೂತಿದ್ದಾನೆ.

ಗುರಿ_ಟ್ಯುಟೋರಿಯಲ್

ಚೆನ್ನಾಗಿದೆ ಸರ್, ಒಪ್ಪಿದೆ. ಆದರೆ ಪ್ರಶ್ನೆಯಲ್ಲಿ ಮುಗಿಸುವುದು ಬೇಡ ಎಂದು ಹೇಳಿ. ತೀರ್ಪುಗಾರರು ಉತ್ತರ ಕೇಳುತ್ತಾರೆ.

ಹಳೇ_ಉಪನ್ಯಾಸಕ

ಪ್ರಶ್ನೆಯಲ್ಲಿ ಮುಗಿಸುವುದಕ್ಕೆ ನಾನೂ ಹೆದರುತ್ತೇನೆ. ಬಹಳ ಸಲ ಅದು ಉತ್ತರ ಗೊತ್ತಿಲ್ಲದ್ದನ್ನು ಮುಚ್ಚುವ ಉಪಾಯ. ಇಲ್ಲಿ ಹಾಗಿಲ್ಲ. ನೀರಗಂಟಿಗೆ ಕಾಳು ಅಳೆದದ್ದು ಎರಡನೆಯ ಪ್ಯಾರಾದಲ್ಲಿದೆ, ಆ ಕಾಳೇ ಇಲ್ಲಿ ಮತ್ತೆ ಬಂದಿದೆ. ಪ್ರಬಂಧದ ಶುರುವಿನಲ್ಲಿ ಈ ಪ್ರಶ್ನೆ ಕೇಳಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇರಲಿ ಎನ್ನುತ್ತೇನೆ, ಆದರೆ ಆಯ್ಕೆ ಅವಳದು. “ಅಲ್ಲಿಂದಲೇ ಬಂದದ್ದು” ಎನ್ನುವಲ್ಲಿ ಮಾತ್ರ ಸ್ವಲ್ಪ ತಗ್ಗಿಸಲಿ. ಒಂದು ವರ್ಷ ಹಾಗಾಯಿತು ಎಂದು ತಾತ ಹೇಳಿದ್ದಾರೆ, ಒಳ್ಳೆಯ ಮಳೆಯೂ ಆ ವರ್ಷವೇ ಆಗಿತ್ತು. “ಅಲ್ಲಿಂದ ಬಂದದ್ದು ಎಂದು ತಾತ ನಂಬುತ್ತಾರೆ” ಎಂದರೆ ಅವಳು ತೋರಿಸಿದಷ್ಟೇ ಹೇಳಿದಂತಾಗುತ್ತದೆ.

ಮುಳಬಾಗಿಲು_ರೈತ

ಮಗು ಚೆನ್ನಾಗಿ ಬರೆದೈತೆ. ಒಂದೇ ಒಂದು. ‘ಮಣ್ಣು ಯಾರಿಗೂ ಬೇಕಿರಲಿಲ್ಲ’ ಅಂತ ಐತಲ್ಲ. ನಮ್ಮೂರಲ್ಲಿ ಈಗಲೂ ಎರಡು ಮನೆಯವರು ಟ್ರ್ಯಾಕ್ಟರಲ್ಲಿ ಗೋಡು ಹೊಡೀತಾರೆ. ಹಿಪ್ಪುನೇರಳೆ ತೋಟಕ್ಕೆ. ನಿಮ್ಮೂರಲ್ಲೂ ಯಾರಾದ್ರೂ ಇರಬೋದು, ಕೇಳಿ ನೋಡಿ.

ಮಾಲೂರು_ಅಪ್ಪ

ಕೇಳಿದೆ ಅಣ್ಣ. ಇದ್ದಾರೆ, ಒಂದು ಮನೆ. ಅವರ ತೋಟ ಕೆರೆಯ ಪಕ್ಕದಲ್ಲೇ ಇದೆ. ಮಗಳು ಈಗ ಅವರ ಮನೆಗೆ ಹೋಗಿದ್ದಾಳೆ, ನೋಟ್‌ಬುಕ್ ತೆಗೆದುಕೊಂಡು.